ಒಪ್ಪಿಗೆ ಯಾರದು, ಸರದಿ ಯಾರದು: ಗಡಿ ತಾಲೂಕುಗಳಿಂದ ನೋಡಿದ ಅಂಗಾಂಗ ಹಂಚಿಕೆ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಜನರಿಗೆ ದೊಡ್ಡ ಕಾಯಿಲೆ ಬಂದಾಗ ಎದುರಿಗೆ ಎರಡು ದಾರಿಗಳಿರುತ್ತವೆ. ಒಂದು ದಕ್ಷಿಣಕ್ಕೆ, ಬೆಳಗಾವಿಯ ಆಸ್ಪತ್ರೆಗಳಿಗೆ ಹೋಗುತ್ತದೆ. ಇನ್ನೊಂದು ಗಡಿ ದಾಟಿ ಮಿರಜ, ಸಾಂಗಲಿ, ಕೊಲ್ಹಾಪುರಗಳ ದವಾಖಾನೆಗಳಿಗೆ ಮುಟ್ಟುತ್ತದೆ. ಕಾಗವಾಡದವರಿಗೆ ಮಿರಜವೇ ಹತ್ತಿರ. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಇರುವ ದೂರ ಬೆಳಗಾವಿಗೆ ಇರುವ ದೂರದ ಹೆಚ್ಚುಕಡಿಮೆ ಅರ್ಧದಷ್ಟು. ಜ್ವರಕ್ಕೋ, ಮುರಿದ ಕಾಲಿಗೋ ಈ ಆಯ್ಕೆಯಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಆದರೆ ಎರಡೂ ಮೂತ್ರಪಿಂಡಗಳು ಕೈಕೊಟ್ಟು, ಮೃತ ದಾನಿಯೊಬ್ಬರಿಂದ ಬರುವ ಕಿಡ್ನಿಗಾಗಿ ಕಾಯಬೇಕಾದ ರೋಗಿಗೆ, ಅಥವಾ ತಲೆಗೆ ಪೆಟ್ಟಾಗಿ ಮಿದುಳು ಸತ್ತ ಮಗನ ಅಂಗಗಳನ್ನು ಕೊಡುವುದೋ ಬೇಡವೋ ಎಂದು ನಿರ್ಧರಿಸಬೇಕಾದ ಕುಟುಂಬಕ್ಕೆ, ಆ ರಸ್ತೆಯ ಆಯ್ಕೆಯೇ ಎಲ್ಲವನ್ನೂ ಬದಲಿಸಬಲ್ಲದು. ಬೆಳಗಾವಿಯಲ್ಲಿ ದಾನವಾದ ಅಂಗ ಬೆಂಗಳೂರಿನ ‘ಜೀವಸಾರ್ಥಕತೆ’ ಎಂಬ ರಾಜ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಹಂಚಿಕೆಯಾದರೆ, ಕೊಲ್ಹಾಪುರ ಅಥವಾ ಸಾಂಗಲಿಯಲ್ಲಿ ದಾನವಾದದ್ದು ಪುಣೆಯ ವಲಯ ಸಮನ್ವಯ ಸಮಿತಿಯ ಪಟ್ಟಿಯ ಪ್ರಕಾರ ಹಂಚಿಕೆಯಾಗುತ್ತದೆ. ಅಂಗಾಂಗಗಳ ನ್ಯಾಯಯುತ ಹಂಚಿಕೆ ಎಂಬ ನೈತಿಕ ಪ್ರಶ್ನೆ, ರಾಜಧಾನಿಯಲ್ಲಿ ಕುಳಿತು ನೋಡುವವರಿಗಿಂತ ಈ ಐದು ತಾಲೂಕುಗಳಿಂದ ನೋಡುವವರಿಗೆ ಹೆಚ್ಚು ನಿಚ್ಚಳವಾಗಿ ಕಾಣಿಸುವುದಕ್ಕೆ ಇದೇ ಕಾರಣ.

ಕೊರತೆಯ ಸ್ವರೂಪವನ್ನು ಮೊದಲು ತಿಳಿದುಕೊಳ್ಳಬೇಕು. 2023ರಲ್ಲಿ ಇಡೀ ದೇಶದಲ್ಲಿ ಮರಣಾನಂತರ ಅಂಗದಾನ ಮಾಡಿದವರು 1,099 ಮಂದಿ. ಅವರಲ್ಲಿ ಕರ್ನಾಟಕದವರು 178. ಹತ್ತು ಲಕ್ಷ ಜನಸಂಖ್ಯೆಗೆ ಲೆಕ್ಕ ಹಾಕಿದರೆ ದೇಶದ ಸರಾಸರಿ ಒಬ್ಬ ದಾನಿಯನ್ನೂ ಮುಟ್ಟುವುದಿಲ್ಲ. ಒಬ್ಬ ದಾನಿಯಿಂದ ಎರಡು ಮೂತ್ರಪಿಂಡ, ಒಂದು ಯಕೃತ್ತು, ಒಂದು ಹೃದಯ, ಎರಡು ಶ್ವಾಸಕೋಶಗಳು ದೊರೆಯಬಹುದಾದರೂ ಎಲ್ಲವೂ ಬಳಕೆಗೆ ಯೋಗ್ಯವಾಗಿರುತ್ತವೆ ಎಂದೇನಿಲ್ಲ; ಕಿಡ್ನಿಯೊಂದಕ್ಕೇ ಕಾಯುತ್ತಿರುವವರ ಸಂಖ್ಯೆ ರಾಜ್ಯದಲ್ಲಿ ಸಾವಿರಗಳಲ್ಲಿದೆ. ಹಣ ಸುರಿದು, ಕಾರ್ಖಾನೆ ತೆರೆದು ಈ ಕೊರತೆಯನ್ನು ನೀಗಿಸಲಾಗದು. ಒಬ್ಬ ವ್ಯಕ್ತಿ ಒಂದು ನಿರ್ದಿಷ್ಟ ಬಗೆಯಲ್ಲಿ ಸತ್ತಾಗ, ಆ ಸಾವನ್ನು ಆಸ್ಪತ್ರೆ ಸಕಾಲದಲ್ಲಿ ಗುರುತಿಸಿದಾಗ, ಮತ್ತು ಯಾರೋ ಒಬ್ಬರು ‘ಆಗಲಿ’ ಎಂದಾಗ ಮಾತ್ರ ಅಂಗವೊಂದು ಲಭ್ಯವಾಗುತ್ತದೆ. ಹಾಗಾಗಿ ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಕೊಡುವ ಒಪ್ಪಿಗೆ ಯಾರದು, ಪಡೆಯುವ ಸರದಿ ಯಾರದು. ಹಂಚಿಕೆ ಪಕ್ಷಪಾತದ್ದೆಂದು ಅನ್ನಿಸಿದ ಸಮಾಜದಲ್ಲಿ ಒಪ್ಪಿಗೆ ಕೊಡುವವರು ಕಡಿಮೆಯಾಗುತ್ತಾರೆ. ಒಪ್ಪಿಗೆಯನ್ನು ಕಸಿದುಕೊಂಡಂತೆ ಪಡೆದರೆ, ಆಮೇಲಿನ ಹಂಚಿಕೆ ಎಷ್ಟೇ ಕರಾರುವಾಕ್ಕಾಗಿದ್ದರೂ ಅದರ ಬುಡವೇ ಕೊಳೆತಿರುತ್ತದೆ.

ಆ ನಿರ್ದಿಷ್ಟ ಬಗೆಯ ಸಾವನ್ನು ಮಿದುಳುಕಾಂಡದ ಸಾವು ಎನ್ನುತ್ತಾರೆ. ಉಸಿರಾಟವನ್ನೂ ಎಚ್ಚರವನ್ನೂ ನಡೆಸುವ ಮಿದುಳಿನ ಬುಡಭಾಗ ಮರಳಿ ಬಾರದಂತೆ ನಿಂತುಹೋಗಿ, ವೆಂಟಿಲೇಟರ್ ಮತ್ತು ಔಷಧಗಳ ಬಲದಿಂದ ಹೃದಯ ಮಾತ್ರ ಕೆಲವು ಕಾಲ ಬಡಿಯುತ್ತಿರುವ ಸ್ಥಿತಿ ಇದು. ನಿಪ್ಪಾಣಿ, ಸಂಕೇಶ್ವರಗಳ ಮೇಲೆ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯ ಅಪಘಾತಗಳು, ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ಪ್ರತಿಫಲಕವೂ ಇಲ್ಲದೆ ರಾತ್ರಿ ಸಾಗುವ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬೈಕುಗಳು ಗುದ್ದುವ ಅವಘಡಗಳು ತಲೆಗೆ ಇಂಥ ಪೆಟ್ಟು ತರುತ್ತವೆ. ಮಿದುಳಿನ ರಕ್ತಸ್ರಾವ ಇನ್ನೊಂದು ಮುಖ್ಯ ಕಾರಣ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಈ ಸಾವನ್ನು ನಾಲ್ವರು ವೈದ್ಯರ ಮಂಡಳಿ ಪ್ರಮಾಣೀಕರಿಸಬೇಕು, ಮತ್ತು ಕಸಿ ಮಾಡುವ ತಂಡದವರು ಅದರಲ್ಲಿ ಇರಕೂಡದು. ಮೊದಲು ಪ್ರಜ್ಞೆ ತಪ್ಪಿರುವುದಕ್ಕೆ ನಿಶ್ಚಿತ ಕಾರಣ ಗೊತ್ತಿರಬೇಕು. ಅಮಲಿನ ಔಷಧ, ಅತಿಯಾದ ಮೈತಂಪು, ರಕ್ತದ ಲವಣಾಂಶದ ಏರುಪೇರು ಮುಂತಾದ ದಾರಿತಪ್ಪಿಸುವ ಕಾರಣಗಳು ಇಲ್ಲವೆಂದು ಖಚಿತವಾಗಬೇಕು. ಬಳಿಕ ಕಣ್ಣಪಾಪೆಗೆ ಬೆಳಕು ಬಿಟ್ಟು, ಕಣ್ಣಗುಡ್ಡೆಯನ್ನು ಹತ್ತಿಯಿಂದ ಮುಟ್ಟಿ, ಕಿವಿಯೊಳಗೆ ಐಸ್ ನೀರು ಬಿಟ್ಟು, ಗಂಟಲಿನಲ್ಲಿ ಕೊಳವೆ ಆಡಿಸಿ ಯಾವುದಕ್ಕೂ ಪ್ರತಿಕ್ರಿಯೆ ಇಲ್ಲವೆಂದು ನೋಡುತ್ತಾರೆ. ಕೊನೆಗೆ ವೆಂಟಿಲೇಟರನ್ನು ಬಿಡಿಸಿ, ಆಮ್ಲಜನಕ ಮಾತ್ರ ಹರಿಸುತ್ತ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ 60 ಮಿಲಿಮೀಟರ್ ಪಾದರಸದ ಮಟ್ಟವನ್ನು ದಾಟಿದರೂ ಎದೆ ಒಮ್ಮೆಯೂ ತಾನಾಗಿ ಏರುವುದಿಲ್ಲವೇ ಎಂದು ಪರೀಕ್ಷಿಸುತ್ತಾರೆ. ಈ ಇಡೀ ಸರಣಿಯನ್ನು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ನಡೆಸಬೇಕು.

ಇಷ್ಟು ಬಿಗಿಯಾದ ವಿಧಾನವಿದ್ದರೂ ಜನರ ಸಂಶಯ ಪೂರ್ತಿ ಹೋಗದಿರುವುದಕ್ಕೆ ಅವರ ತಿಳಿವಳಿಕೆಯ ಕೊರತೆಯನ್ನಷ್ಟೇ ದೂರಿದರೆ ಸಾಲದು. ಕಾನೂನಿನಲ್ಲೇ ಒಂದು ತೊಡಕಿದೆ. ಮಿದುಳುಕಾಂಡದ ಸಾವನ್ನು ಸಾವೆಂದು ಹೇಳುವುದು ಅಂಗಾಂಗ ಕಸಿ ಕಾಯ್ದೆ. 1969ರ ಜನನ-ಮರಣ ನೋಂದಣಿ ಕಾಯ್ದೆಯಾದರೋ ಜೀವದ ಎಲ್ಲ ಕುರುಹುಗಳೂ ಶಾಶ್ವತವಾಗಿ ಇಲ್ಲವಾಗುವುದನ್ನು ಮರಣ ಎನ್ನುತ್ತದೆ. ಇದರ ಪರಿಣಾಮವಾಗಿ, ಕುಟುಂಬ ದಾನಕ್ಕೆ ಒಪ್ಪಿದರೆ ಅದೇ ವ್ಯಕ್ತಿ ಮೃತನೆಂದು ಪ್ರಮಾಣಪತ್ರ ಸಿಗುತ್ತದೆ. ಒಪ್ಪದಿದ್ದರೆ ಅನೇಕ ಆಸ್ಪತ್ರೆಗಳು ಹೃದಯ ನಿಲ್ಲುವವರೆಗೂ ಯಂತ್ರವನ್ನು ಮುಂದುವರಿಸುತ್ತವೆ. ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುಗಳಿಗೆ ಇದು ‘ಅಂಗ ಬೇಕಾದಾಗ ಸತ್ತವನು, ಬೇಡವಾದಾಗ ಬದುಕಿದವನು’ ಎಂಬಂತೆ ಕಂಡರೆ ಅವರನ್ನು ಆಕ್ಷೇಪಿಸುವುದು ಕಷ್ಟ. ಆದುದರಿಂದಲೇ ನೀತಿಶಾಸ್ತ್ರಜ್ಞರು ಎರಡು ಮಾತುಕತೆಗಳನ್ನು ಬೇರ್ಪಡಿಸಬೇಕೆಂದು ಒತ್ತಾಯಿಸುತ್ತಾರೆ: ಸಾವಿನ ಸುದ್ದಿಯನ್ನು ಚಿಕಿತ್ಸೆ ನೀಡಿದ ವೈದ್ಯರು ಮೊದಲು ಹೇಳಬೇಕು, ಅದು ಮನಸ್ಸಿಗೆ ಇಳಿದ ಮೇಲೆ, ತರಬೇತಿ ಪಡೆದ ಕಸಿ ಸಂಯೋಜಕರು ಬೇರೆಯಾಗಿ ಬಂದು ದಾನದ ವಿಷಯವನ್ನು ಎತ್ತಬೇಕು.

ಒಪ್ಪಿಗೆಯ ಮಟ್ಟಿಗೆ ಕಾಯ್ದೆಯ ಮೂರನೆಯ ಪ್ರಕರಣ ಓದಲು ಸರಳ. ವ್ಯಕ್ತಿ ಬದುಕಿದ್ದಾಗ ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರುವಂತೆ, ಬರವಣಿಗೆಯಲ್ಲಿ ಅನುಮತಿ ಕೊಟ್ಟಿದ್ದರೆ ಅದು ಕಾನೂನಿನ ಕಣ್ಣಿಗೆ ಸಾಕು. 2014ರ ನಿಯಮಾವಳಿಯ 7ನೇ ನಮೂನೆ ಇದಕ್ಕಾಗಿಯೇ ಇದೆ. ಹಾಗೆ ಬರೆದಿಡದೆ ಸತ್ತವರ ವಿಷಯದಲ್ಲಿ ದೇಹದ ಕಾನೂನುಬದ್ಧ ಹೊಣೆ ಹೊತ್ತ ಸಂಬಂಧಿಕರು 8ನೇ ನಮೂನೆಯಲ್ಲಿ ಅನುಮತಿ ನೀಡಬಹುದು, ಆದರೆ ಮೃತರು ವಿರೋಧಿಸಿದ್ದರೆ ಅಥವಾ ಹತ್ತಿರದ ಸಂಬಂಧಿಯೊಬ್ಬರ ಆಕ್ಷೇಪಣೆ ಇದೆಯೆಂದು ತಿಳಿದಿದ್ದರೆ ಕೊಡುವಂತಿಲ್ಲ. ರೂಢಿಯಲ್ಲಿ ಮಾತ್ರ ಈ ಎರಡು ಬಾಗಿಲುಗಳು ಒಂದೇ ಆಗಿಬಿಟ್ಟಿವೆ: ಮೃತರು ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಿದ್ದರೂ, ಆಧಾರ್ ಮೂಲಕ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿದ್ದರೂ, ಮನೆಯವರು ಬೇಡವೆಂದರೆ ಆಸ್ಪತ್ರೆ ಮುಂದುವರಿಯುವುದಿಲ್ಲ. ಸತ್ತವರ ಇಚ್ಛೆಯನ್ನು ಬದುಕಿರುವವರು ಹೀಗೆ ತಳ್ಳಿಹಾಕುವುದು ಸರಿಯೇ ಎಂಬುದು ಗಂಭೀರ ಪ್ರಶ್ನೆ. ವ್ಯಕ್ತಿಸ್ವಾತಂತ್ರ್ಯದ ದೃಷ್ಟಿಯಿಂದ ನೋಡಿದರೆ ಇದು ತಪ್ಪು, ಏಕೆಂದರೆ ಹೊಲದ ಉಯಿಲನ್ನು ಹೀಗೆ ತಳ್ಳಿಹಾಕಲು ಯಾವ ನ್ಯಾಯಾಲಯವೂ ಬಿಡುವುದಿಲ್ಲ. ಆದರೆ ಅಳುತ್ತಿರುವ ತಾಯಿಯ ಕಣ್ಣೆದುರೇ ಆಕೆಯ ವಿರೋಧವನ್ನು ಬದಿಗೊತ್ತಿ ಮಗನ ದೇಹವನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಒಯ್ದ ಒಂದೇ ಒಂದು ಪ್ರಕರಣ ತಾಲೂಕಿನಲ್ಲಿ ಬಾಯಿಂದ ಬಾಯಿಗೆ ಹಬ್ಬಿದರೆ, ಮುಂದೆ ಸಿಗಬಹುದಾಗಿದ್ದ ಹಲವು ಒಪ್ಪಿಗೆಗಳು ಕೈತಪ್ಪುತ್ತವೆ. ಮನೆಯವರ ಮಾತಿಗೆ ವೈದ್ಯರು ತಲೆಬಾಗುವುದು ಈ ವಿವೇಕದಿಂದ. ತತ್ತ್ವದ ಮಟ್ಟದಲ್ಲಿ ಅದು ಸೋಲು, ವ್ಯವಹಾರದಲ್ಲಿ ಅನಿವಾರ್ಯ.

ಗಡಿಯಲ್ಲಿ ಒಪ್ಪಿಗೆಗೆ ಇನ್ನೊಂದು ಅಡಚಣೆಯೂ ಸೇರಿಕೊಳ್ಳುತ್ತದೆ. ಒಪ್ಪಿಗೆ ನೈತಿಕವಾಗಿ ಸಿಂಧುವಾಗಬೇಕಾದರೆ ಅದನ್ನು ಕೊಡುವವರಿಗೆ ವಿಷಯ ಅರ್ಥವಾಗಿರಬೇಕು, ಒತ್ತಡವಿರಬಾರದು, ಯೋಚಿಸಲು ಅವಕಾಶವಿರಬೇಕು. ಈ ಭಾಗದಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವವರು ಬಹಳ ಮಂದಿ ಇದ್ದಾರೆ, ಆದರೆ ಸಂತೆಯ ಮರಾಠಿಯಲ್ಲಿ ಮಿದುಳುಕಾಂಡದ ಸಾವನ್ನು ಗ್ರಹಿಸುವುದು ಬೇರೆ ಮಾತು. ರಸ್ತೆ ಅಪಘಾತದ ಸಾವು ಪೊಲೀಸ್ ಪ್ರಕರಣವೂ ಆಗಿರುವುದರಿಂದ, ಅಂಗಗಳನ್ನು ತೆಗೆಯುವ ಮುನ್ನ ತನಿಖಾಧಿಕಾರಿಗೆ ತಿಳಿಸಿ, ಮರಣೋತ್ತರ ಪರೀಕ್ಷೆಯ ವೈದ್ಯರೊಂದಿಗೆ ಹೊಂದಿಸಿಕೊಳ್ಳಬೇಕು. ಅಪಘಾತ ನಡೆದದ್ದು ನಿಪ್ಪಾಣಿ ಠಾಣೆಯ ವ್ಯಾಪ್ತಿಯಲ್ಲಿ, ಸಾವು ಸಂಭವಿಸಿದ್ದು ಕೊಲ್ಹಾಪುರದಲ್ಲಿ ಎಂದಾದರೆ ಎರಡು ರಾಜ್ಯಗಳ ಪೊಲೀಸರ ನಡುವೆ ಕಾಗದ ಓಡಾಡಬೇಕಾಗುತ್ತದೆ. ಈ ವಿಳಂಬದಲ್ಲಿ ದಾನಿಯ ರಕ್ತದೊತ್ತಡ ಕುಸಿದು ಅಂಗಗಳು ಕೆಡಬಹುದು. ದೇಹಕ್ಕಾಗಿ ಊರಿನಲ್ಲಿ ಕಾಯುತ್ತಿರುವವರ ಫೋನುಗಳು ಒಂದರ ಹಿಂದೊಂದು ಬರುತ್ತಿರುವಾಗ, ಮೊದಲು ಒಪ್ಪಿದ್ದ ಕುಟುಂಬ ಹಿಂದೆ ಸರಿದರೂ ಆಶ್ಚರ್ಯವಿಲ್ಲ.

ಹಾಗಾದರೆ ಕೇಳುವ ಗೋಜೇ ಬೇಡ, ‘ಬೇಡ’ ಎಂದು ಬರೆದಿಡದವರೆಲ್ಲ ಒಪ್ಪಿದ್ದಾರೆಂದು ಕಾನೂನೇ ಭಾವಿಸಲಿ ಎಂಬ ವಾದವಿದೆ. ಇದನ್ನು ಭಾವಿತ ಒಪ್ಪಿಗೆ ಎನ್ನುತ್ತಾರೆ. ಸ್ಪೇನ್ 1979ರಲ್ಲೇ ಇಂಥ ಕಾನೂನು ತಂದಿತು. ವೇಲ್ಸ್ 2015ರಲ್ಲಿ, ಇಂಗ್ಲೆಂಡ್ 2020ರಲ್ಲಿ ಅದೇ ಹಾದಿ ಹಿಡಿದವು. ದಾನಿಗಳ ಪ್ರಮಾಣದಲ್ಲಿ ಸ್ಪೇನ್ ಜಗತ್ತಿನ ಮುಂಚೂಣಿಯಲ್ಲಿದೆ ಎಂಬುದು ನಿಜ, ಆದರೆ ಅಲ್ಲಿ ಇಂದಿಗೂ ಪ್ರತಿ ಕುಟುಂಬವನ್ನೂ ಕೇಳಿಯೇ ಮುಂದುವರಿಯುತ್ತಾರೆ. ಕಾನೂನು ಬಂದ ಹತ್ತು ವರ್ಷಗಳ ಬಳಿಕ, 1989ರಲ್ಲಿ, ರಾಷ್ಟ್ರೀಯ ಕಸಿ ಸಂಸ್ಥೆಯನ್ನು ಸ್ಥಾಪಿಸಿ ಆಸ್ಪತ್ರೆಗಳಲ್ಲಿ ತೀವ್ರ ನಿಗಾ ವೈದ್ಯರನ್ನೇ ಸಂಯೋಜಕರನ್ನಾಗಿ ನೇಮಿಸಿದ ಮೇಲೆಯೇ ಸಂಖ್ಯೆ ಏರಿತೆಂದು ಆ ಸಂಸ್ಥೆಯನ್ನು ಕಟ್ಟಿದವರೇ ಹೇಳಿದ್ದಾರೆ. ಸಿಂಗಪುರದ 1987ರ ಕಾಯ್ದೆ ಮತ್ತು ಇಸ್ರೇಲಿನ 2008ರ ಕಾಯ್ದೆ ಇನ್ನೂ ಮುಂದೆ ಹೋಗಿ ಒಪ್ಪಿಗೆಯನ್ನೂ ಸರದಿಯನ್ನೂ ಗಂಟುಹಾಕಿದವು: ಸಿಂಗಪುರದಲ್ಲಿ ಬೇಡವೆಂದು ಬರೆದವರು ತಮಗೆ ಅಂಗ ಬೇಕಾದಾಗ ಹಿಂದಿನ ಸಾಲಿಗೆ ಹೋಗುತ್ತಾರೆ, ಇಸ್ರೇಲಿನಲ್ಲಿ ದಾನಿಯಾಗಿ ನೋಂದಾಯಿಸಿದವರು ಮುಂದಿನ ಸಾಲಿಗೆ ಬರುತ್ತಾರೆ. ಕೊಡಲು ಸಿದ್ಧರಿರುವವರಿಗೆ ಪಡೆಯುವ ಹಕ್ಕು ಹೆಚ್ಚೆಂಬ ಈ ತರ್ಕ ಮೊದಲ ನೋಟಕ್ಕೆ ನ್ಯಾಯವೆನಿಸುತ್ತದೆ. ಆದರೆ ನೋಂದಣಿಯ ವಿಷಯವೇ ಕಿವಿಗೆ ಬೀಳದ ನಿಪ್ಪಾಣಿಯ ಬೀಡಿ ಕಾರ್ಮಿಕ ಹೆಂಗಸನ್ನು, ಗೊತ್ತಿದ್ದೂ ನಿರಾಕರಿಸಿದವರ ಜತೆ ಒಂದೇ ಸಾಲಿನಲ್ಲಿ ನಿಲ್ಲಿಸುವ ವ್ಯವಸ್ಥೆ ಅದು. ತೀವ್ರ ನಿಗಾ ಘಟಕಗಳು ಮಿದುಳು ಸಾವನ್ನು ಗುರುತಿಸಿ ವರದಿ ಮಾಡುವುದೇ ವಿರಳವಾಗಿರುವಲ್ಲಿ ಭಾವಿತ ಒಪ್ಪಿಗೆಯ ಕಾನೂನು ಕಾಗದದಲ್ಲಿ ಉಳಿಯುತ್ತದೆ, ಸಂಶಯ ಮಾತ್ರ ಊರೂರಿಗೆ ಹಬ್ಬುತ್ತದೆ.

ಒಪ್ಪಿಗೆಯ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. 1998ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಸ್ಪತ್ರೆಯೊಂದರಲ್ಲಿ ಮೃತನ ಕುಟುಂಬದವರು ಅಂಗಗಳು ಬಿಳಿಯರಿಗೆ ಮಾತ್ರ ಹೋಗಬೇಕೆಂಬ ಷರತ್ತು ಹಾಕಿದರು, ಆ ಷರತ್ತಿನ ಮೇಲೆಯೇ ಅಂಗಗಳನ್ನು ಸ್ವೀಕರಿಸಲಾಯಿತು. ಪಟ್ಟಿಯ ಮೇಲಿದ್ದ ರೋಗಿ ಬಿಳಿಯನೇ ಆಗಿದ್ದುದರಿಂದ ಯಾರಿಗೂ ನಷ್ಟವಾಗಲಿಲ್ಲ, ಹಾಗಾಗಿ ತಪ್ಪೇನು ಎಂದು ಕೇಳಿದವರೂ ಇದ್ದರು. 2000ದಲ್ಲಿ ಸರ್ಕಾರ ನೇಮಿಸಿದ ತಂಡ ಇಂಥ ಷರತ್ತಿನ ದಾನವನ್ನೇ ಒಪ್ಪಕೂಡದೆಂದು ತೀರ್ಪಿತ್ತಿತು. ಭಾರತದಲ್ಲಿ ಮರಣಾನಂತರದ ದಾನಕ್ಕೆ ಸಹಿ ಹಾಕುವವರು ಯಾವ ಅಂಗಗಳನ್ನು ಕೊಡುತ್ತೇವೆಂದು ಆಯ್ಕೆ ಮಾಡಬಹುದು, ಯಾರಿಗೆ ಎಂದು ಹೇಳುವಂತಿಲ್ಲ; ‘ನಮ್ಮ ಊರಿನವರಿಗೆ’, ‘ನಮ್ಮ ಸಮಾಜದವರಿಗೆ’ ಎಂಬ ಷರತ್ತಿಗೆ ನಮೂನೆಯಲ್ಲಿ ಜಾಗವೇ ಇಲ್ಲ. ಕೊಡುವವರ ಮತ್ತು ಪಡೆಯುವವರ ಹೆಸರನ್ನು ಪರಸ್ಪರ ತಿಳಿಸದಿರುವುದೂ ಇದರ ಮುಂದುವರಿಕೆಯೇ. ಜೀವಂತ ದಾನದ ಮಾತು ಬೇರೆ: ಅಲ್ಲಿ ತಾಯಿ ಮಗನಿಗೆ, ಹೆಂಡತಿ ಗಂಡನಿಗೆ ಕೊಡುವುದು ನಿರ್ದಿಷ್ಟ ವ್ಯಕ್ತಿಯ ಮೇಲಿನ ಪ್ರೀತಿಯಿಂದ, ಆದ್ದರಿಂದ ಒಪ್ಪಿಗೆಯೊಳಗೇ ಪಡೆಯುವವರ ಹೆಸರು ಇರುತ್ತದೆ. ಸತ್ತವರ ದಾನ ಸಾರ್ವಜನಿಕ ಸ್ವತ್ತಾಗುತ್ತದೆ. ಕೊಡುವುದೋ ಬಿಡುವುದೋ ಎಂಬಲ್ಲಿಗೆ ಒಪ್ಪಿಗೆಯ ಅಧಿಕಾರ ಮುಗಿದು, ಅಲ್ಲಿಂದ ಹಂಚಿಕೆಯ ನಿಯಮದ ಅಧಿಕಾರ ಶುರುವಾಗಬೇಕು.

ಆ ನಿಯಮ ಹೇಗಿರಬಾರದು ಎಂಬುದಕ್ಕೆ ವೈದ್ಯಕೀಯ ನೀತಿಶಾಸ್ತ್ರ ಮತ್ತೆ ಮತ್ತೆ ನೆನೆಯುವ ಪ್ರಸಂಗ ಅಮೆರಿಕದ ಸಿಯಾಟಲ್ ನಗರದ್ದು. 1960ರ ದಶಕದ ಆರಂಭದಲ್ಲಿ ಅಲ್ಲಿ ದೀರ್ಘಕಾಲದ ಡಯಾಲಿಸಿಸ್ ಸಾಧ್ಯವಾದಾಗ ಯಂತ್ರಗಳು ಬೆರಳೆಣಿಕೆಯಷ್ಟಿದ್ದು ರೋಗಿಗಳು ಬಹಳವಿದ್ದರು. ಯಾರಿಗೆ ಚಿಕಿತ್ಸೆ ಎಂಬುದನ್ನು ಹೆಸರು ಬಹಿರಂಗವಾಗದ ಏಳು ಮಂದಿಯ ನಾಗರಿಕ ಸಮಿತಿ ನಿರ್ಧರಿಸುತ್ತಿತ್ತು. ಉದ್ಯೋಗ, ವಿದ್ಯೆ, ಮಕ್ಕಳ ಸಂಖ್ಯೆ, ಚರ್ಚಿನ ಒಡನಾಟ ಇವನ್ನೆಲ್ಲ ಆ ಸಮಿತಿ ತೂಗುತ್ತಿತ್ತೆಂದು 1962ರಲ್ಲಿ ‘ಲೈಫ್’ ಪತ್ರಿಕೆ ಬರೆದ ಮೇಲೆ, ಮನುಷ್ಯನ ಸಾಮಾಜಿಕ ಬೆಲೆ ಕಟ್ಟಿ ಜೀವ ಹಂಚುವುದು ಸಲ್ಲದೆಂಬ ಅಭಿಪ್ರಾಯ ಬಲಗೊಂಡಿತು. ಇಂದಿನ ಪಟ್ಟಿಗಳು ವ್ಯಕ್ತಿಯ ಯೋಗ್ಯತೆಯನ್ನು ಬಿಟ್ಟು ದೇಹದ ಸ್ಥಿತಿಯನ್ನೂ ಕಾದ ಕಾಲವನ್ನೂ ಎಣಿಸುತ್ತವೆ. ಯಕೃತ್ತಿಗೆ ಸಾಮಾನ್ಯವಾಗಿ ತುರ್ತೇ ಮುಖ್ಯ: ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಕಾಲ, ಕ್ರಿಯಾಟಿನಿನ್ ಮುಂತಾದವುಗಳಿಂದ ಲೆಕ್ಕ ಹಾಕುವ ‘ಮೆಲ್ಡ್’ ಅಂಕ ಹೆಚ್ಚಿದವರು ಬೇಗ ಸಾಯುವ ಸಂಭವವಿದೆಯಾದ್ದರಿಂದ ಅವರಿಗೆ ಮೊದಲು. ಮೂತ್ರಪಿಂಡದ ರೋಗಿಗೆ ಡಯಾಲಿಸಿಸ್‌ನ ಆಸರೆ ಇರುವುದರಿಂದ ಅಲ್ಲಿ ಕಾದ ಕಾಲವೇ ಮುಖ್ಯ ಅಳತೆ.

ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆ, ಅಂದರೆ ನೋಟ್ಟೋ, ರೂಪಿಸಿದ ಮಾರ್ಗಸೂಚಿಯಲ್ಲಿ ಡಯಾಲಿಸಿಸ್‌ನ ಪ್ರತಿ ತಿಂಗಳಿಗೂ ಒಂದು ಅಂಕ; ಆರು ವರ್ಷದೊಳಗಿನ ಮಗುವಿಗೆ ಹೆಚ್ಚುವರಿ ಮೂರು, ಹನ್ನೆರಡರೊಳಗೆ ಎರಡು, ಹದಿನೆಂಟರೊಳಗೆ ಒಂದು; ಹಿಂದೆ ತಾನೇ ಕಿಡ್ನಿ ಕೊಟ್ಟು ಈಗ ರೋಗಿಯಾದವರಿಗೆ ಐದು. ಇದನ್ನು ಕಲ್ಪಿತ ಉದಾಹರಣೆಯೊಂದರಲ್ಲಿ ಇಟ್ಟು ನೋಡಬಹುದು. ಓ ರಕ್ತಗುಂಪಿನ ದಾನಿಯೊಬ್ಬರ ಕಿಡ್ನಿ ಲಭ್ಯವಾಗಿದೆ. ಓ ಗುಂಪಿನ ಅಂಗ ಎಲ್ಲರಿಗೂ ಹೊಂದುತ್ತದೆ, ಓ ಗುಂಪಿನ ರೋಗಿಗಾದರೋ ಓ ಅಂಗವೇ ಬೇಕು. ಆದ್ದರಿಂದ ಮೊದಲ ಜರಡಿಯಲ್ಲೇ ಅದನ್ನು ಓ ಗುಂಪಿನವರಿಗೆ ಮೀಸಲಿಡದಿದ್ದರೆ ಆ ಗುಂಪಿನವರು ಎಂದೆಂದಿಗೂ ಕಾಯುತ್ತಲೇ ಇರಬೇಕಾದೀತು. ಉಳಿದ ಮೂವರಲ್ಲಿ ಒಬ್ಬ ರಾಯಬಾಗದ ರೈತ, 48 ತಿಂಗಳಿಂದ ಡಯಾಲಿಸಿಸ್‌ನಲ್ಲಿದ್ದಾನೆ: 48 ಅಂಕ. ಇನ್ನೊಬ್ಬಳು ತಮ್ಮನಿಗೆ ಹಿಂದೆ ಕಿಡ್ನಿ ಕೊಟ್ಟ ಚಿಕ್ಕೋಡಿಯ ಹೆಣ್ಣುಮಗಳು, 20 ತಿಂಗಳು: ಐದು ಸೇರಿ 25. ಮೂರನೆಯದು ಅಥಣಿಯ ಹತ್ತು ವರ್ಷದ ಬಾಲಕ, 14 ತಿಂಗಳು: ಎರಡು ಸೇರಿ 16. ರೈತನದೇ ಸರದಿ. ಬಾಲಕನ ಬೆಳವಣಿಗೆ ಡಯಾಲಿಸಿಸ್‌ನಲ್ಲಿ ಕುಂಠಿತವಾಗುತ್ತದೆ, ಆ ಹೆಣ್ಣುಮಗಳು ತನ್ನ ದೇಹದ ಅಂಗವನ್ನೇ ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳು, ಆದರೂ ಈ ಎರಡು ನೈತಿಕ ಬೇಡಿಕೆಗಳಿಗೆ ಸಿಕ್ಕ ತೂಕ ಕ್ರಮವಾಗಿ ಎರಡು ತಿಂಗಳ ಮತ್ತು ಐದು ತಿಂಗಳ ಕಾಯುವಿಕೆಯಷ್ಟು ಮಾತ್ರ. ಅಂಕಪಟ್ಟಿಯ ಹಿಂದೆ ಅಡಗಿರುವ ನೈತಿಕ ನಿರ್ಣಯ ಇದು, ಮತ್ತು ಇದನ್ನು ವೈದ್ಯಶಾಸ್ತ್ರ ತಾನಾಗಿ ಕೊಡಲಾರದು. ಮೌಲ್ಯಗಳನ್ನು ಯಾರೋ ತೂಗಿ ಬರೆದ ಸಂಖ್ಯೆಗಳಿವು, ಹಾಗಾಗಿ ಸಾರ್ವಜನಿಕ ಚರ್ಚೆಗೆ ತೆರೆದಿರಬೇಕಾದವು.

ಪಟ್ಟಿಯ ತುದಿಯಲ್ಲಿದ್ದರೂ ಅಂಗ ಸಿಕ್ಕೇ ಸಿಗುತ್ತದೆ ಎಂದಲ್ಲ. ಕರೆ ಬಂದಾಗ ರೈತನಿಗೆ ಜ್ವರವಿದ್ದರೆ, ದಾನಿಯ ಜೀವಕೋಶಗಳೊಂದಿಗೆ ಅವನ ರಕ್ತ ಬೆರೆಸಿ ಮಾಡುವ ‘ಕ್ರಾಸ್‌ಮ್ಯಾಚ್’ ಪರೀಕ್ಷೆ ಹೊಂದದಿದ್ದರೆ, ಅಥವಾ ಅವನ ಫೋನು ಆರಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ. ಆಸ್ಪತ್ರೆಗಳು ಇದಕ್ಕಾಗಿಯೇ ಒಬ್ಬರ ಜತೆ ಇನ್ನಿಬ್ಬರನ್ನು ಕರೆಸಿಕೊಂಡಿರುತ್ತವೆ. ಇದಕ್ಕಿಂತ ದೊಡ್ಡ ಅಸಮಾನತೆ ಪಟ್ಟಿಯ ಹೊರಗಿದೆ. ಕಸಿ ಕೇಂದ್ರವೊಂದರಲ್ಲಿ ತಪಾಸಣೆಗಳನ್ನು ಮುಗಿಸಿ ಹೆಸರು ಬರೆಸಿದವರು ಮಾತ್ರ ಪಟ್ಟಿಯಲ್ಲಿರುತ್ತಾರೆ; ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಮಾಡಿಸಿಕೊಂಡು, ಬಸ್ಸಿನ ಹಣ ಹೊಂದಿಸುವುದರಲ್ಲೇ ದಣಿದವನಿಗೆ ಆ ಮೊದಲ ಮೆಟ್ಟಿಲೇ ಎಟುಕುವುದಿಲ್ಲ. ಬಡ ಕುಟುಂಬಗಳಿಗೆ ಕಸಿಯ ವೆಚ್ಚ ಭರಿಸುವ ಸರ್ಕಾರಿ ಯೋಜನೆ ಕರ್ನಾಟಕದಲ್ಲಿದೆ, ಆದರೆ ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಗುಳಿಗೆಗಳನ್ನು ಜೀವಮಾನವಿಡೀ ನುಂಗಬೇಕು. ಗುಳಿಗೆ ಕೊಳ್ಳಲಾಗದೆ ಬಿಟ್ಟವರ ಕಿಡ್ನಿ ಕೆಡುತ್ತದೆ; ಇದನ್ನೇ ಕಾರಣವಾಗಿಟ್ಟು ಬಡವರನ್ನು ಮೊದಲೇ ಪಟ್ಟಿಗೆ ಸೇರಿಸದಿದ್ದರೆ ಸಿಯಾಟಲ್‌ನ ಸಮಿತಿ ಹಿಂಬಾಗಿಲಿನಿಂದ ಒಳಬಂದಂತಾಗುತ್ತದೆ.

ಈಗ ಮತ್ತೆ ಗಡಿಯ ವಿಷಯ. ಅಂಗವೊಂದು ಸಾಗುವ ಕ್ರಮ ಸ್ಥೂಲವಾಗಿ ಹೀಗಿದೆ: ಮೊದಲು ದಾನ ನಡೆದ ಆಸ್ಪತ್ರೆ ಅಥವಾ ಅದರ ವಲಯ, ಆಮೇಲೆ ರಾಜ್ಯ, ಬಳಿಕ ಹಲವು ರಾಜ್ಯಗಳು ಸೇರಿದ ಪ್ರಾದೇಶಿಕ ಗುಂಪು, ಕೊನೆಗೆ ದೇಶ. ದಾನವಾದ ಆಸ್ಪತ್ರೆಯೇ ಕಸಿ ಕೇಂದ್ರವೂ ಆಗಿದ್ದರೆ ಎರಡು ಕಿಡ್ನಿಗಳಲ್ಲಿ ಒಂದನ್ನು ತನ್ನ ರೋಗಿಗೆ ಉಳಿಸಿಕೊಂಡು ಇನ್ನೊಂದನ್ನು ಸಾಮಾನ್ಯ ಪಟ್ಟಿಗೆ ಬಿಡುವ ಪದ್ಧತಿ ಬೇರೂರಿದೆ. ದಾನಿಯನ್ನು ಗುರುತಿಸಿ, ಗಂಟೆಗಟ್ಟಲೆ ಅಂಗಗಳನ್ನು ಕಾಪಾಡುವ ಆಸ್ಪತ್ರೆಗೆ ಇದು ಉತ್ತೇಜನವೆಂಬುದು ಸಮರ್ಥನೆ. ಆದರೆ ಹೀಗೆ ಅಂಗ ಪಡೆಯುವ ರೋಗಿ ಪಟ್ಟಿಯ ಮೊದಲಿಗನಾಗಿರದೆ ಆ ಆಸ್ಪತ್ರೆಯ ಮೊದಲಿಗನಾಗಿರುತ್ತಾನೆ. ಪ್ರಾದೇಶಿಕ ಗುಂಪುಗಳಲ್ಲಿ ಕರ್ನಾಟಕ ಚೆನ್ನೈ ಕೇಂದ್ರಕ್ಕೆ, ಮಹಾರಾಷ್ಟ್ರ ಮುಂಬೈ ಕೇಂದ್ರಕ್ಕೆ ಸೇರಿವೆ. ಇದರಿಂದಾಗುವ ವೈಚಿತ್ರ್ಯವನ್ನು ನಕ್ಷೆಯ ಮೇಲೆ ಅಳೆಯಬಹುದು. ದಾನಿಯ ದೇಹದಿಂದ ಹೊರಬಂದ ಹೃದಯ ನಾಲ್ಕರಿಂದ ಆರು ಗಂಟೆಗಳೊಳಗೆ ಇನ್ನೊಂದು ಎದೆಯಲ್ಲಿ ಬಡಿಯಬೇಕು. ಕೊಲ್ಹಾಪುರದಿಂದ ಪುಣೆಗೆ ಸುಮಾರು 230 ಕಿಲೋಮೀಟರ್, ಬೆಳಗಾವಿಗೆ ಹೆದ್ದಾರಿಯ ಮೇಲೆ ಸುಮಾರು 110. ಬೆಳಗಾವಿಯಲ್ಲಿ ಹೃದಯ ಕಸಿಯೂ ನಡೆದಿದೆ. ಆದರೂ ಕೊಲ್ಹಾಪುರದ ಅಂಗ ಬೆಳಗಾವಿಯ ರೋಗಿಗೆ ಸಿಗಬೇಕಾದರೆ ಮಹಾರಾಷ್ಟ್ರದ ಪಟ್ಟಿ ಮುಗಿದು, ಗುಜರಾತ್, ಗೋವಾ, ಮಧ್ಯಪ್ರದೇಶ, ಛತ್ತೀಸಗಡಗಳನ್ನೊಳಗೊಂಡ ಪಶ್ಚಿಮದ ಗುಂಪೂ ಬೇಡವೆಂದ ಮೇಲೆಯೇ. ಅಷ್ಟರಲ್ಲಿ ಹೃದಯದ ಗಡುವು ಸಾಮಾನ್ಯವಾಗಿ ಮುಗಿದಿರುತ್ತದೆ.

2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಾಸಸ್ಥಳದ ನಿಬಂಧನೆಯನ್ನು ತೆಗೆದು, ಯಾವ ರಾಜ್ಯದವರು ಯಾವ ರಾಜ್ಯದಲ್ಲಾದರೂ ಹೆಸರು ನೋಂದಾಯಿಸಬಹುದೆಂದಿತು. 65 ವರ್ಷದ ಮೇಲಿನವರಿಗಿದ್ದ ತಡೆಯನ್ನೂ ನೋಂದಣಿ ಶುಲ್ಕವನ್ನೂ ಕೈಬಿಟ್ಟಿತು. ಈ ಬದಲಾವಣೆಯಿಂದ ಕಾಗವಾಡದ ರೋಗಿ ಸಾಂಗಲಿಯ ಕಡೆಯೂ ಹೆಸರು ಬರೆಸಬಹುದಾಯಿತು. ಆದರೆ ಇದರ ಲಾಭ ಯಾರಿಗೆ ಹೆಚ್ಚು? ಕ್ಯಾಲಿಫೋರ್ನಿಯಾದಲ್ಲಿ ವಾಸವಿದ್ದ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ 2009ರಲ್ಲಿ ಯಕೃತ್ತು ಪಡೆದದ್ದು ದೂರದ ಟೆನೆಸಿ ರಾಜ್ಯದಲ್ಲಿ, ಸರದಿ ಚಿಕ್ಕದಿದ್ದ ಕಡೆ. ಕರೆ ಬಂದೊಡನೆ ವಿಮಾನ ಹತ್ತಬಲ್ಲವರಿಗೆ ಇಡೀ ದೇಶವೇ ಒಂದು ಪಟ್ಟಿಯಾಗುತ್ತದೆ. ಗಡಿ ತಾಲೂಕಿನ ಬಡ ರೋಗಿ ಮಾತ್ರ ಮಿರಜದಷ್ಟು ಹತ್ತಿರಕ್ಕೆ ಹೋದರೂ ಕರ್ನಾಟಕದ ವೆಚ್ಚ ಯೋಜನೆಯ ಆಸರೆಯನ್ನು ಕಳೆದುಕೊಳ್ಳಬೇಕಾಗಬಹುದು. 2023ರಲ್ಲೇ ಮಹಾರಾಷ್ಟ್ರ ಸರ್ಕಾರ ತಾನು ಹಕ್ಕು ಸಾಧಿಸುವ ಗಡಿಯ 865 ಊರುಗಳಿಗೆ ತನ್ನ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ವಿಸ್ತರಿಸಲು ಹೊರಟಾಗ ಕರ್ನಾಟಕದಲ್ಲಿ ಎದ್ದದ್ದು ಗಡಿ ವಿವಾದದ ಗದ್ದಲವೇ. ಆ ಊರುಗಳ ರೋಗಿ ಎಲ್ಲಿ, ಯಾರ ಖರ್ಚಿನಲ್ಲಿ ಚಿಕಿತ್ಸೆ ಪಡೆಯಬೇಕೆಂಬ ಪ್ರಶ್ನೆ ಆ ಗದ್ದಲದ ಅಡಿಗೆ ಬಿತ್ತು.

ಕೊಡುವವರ ಮತ್ತು ಪಡೆಯುವವರ ನಡುವಿನ ಇನ್ನೊಂದು ಗೆರೆ ಮನೆಯೊಳಗೇ ಇದೆ. ದೇಶದಲ್ಲಿ ನಡೆಯುವ ಕಸಿಗಳಲ್ಲಿ ಬಹುಪಾಲು ಜೀವಂತ ದಾನಿಗಳವು. ಆ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಹೆಂಡತಿಯ ‘ಹೂಂ’ ಎಷ್ಟರ ಮಟ್ಟಿಗೆ ಸ್ವಂತದ್ದು ಎಂದು ಯಾವ ಸಮಿತಿಯ ಸಂದರ್ಶನವೂ ಪೂರ್ತಿ ಅಳೆಯಲಾರದು. 2025ರ ಆಗಸ್ಟಿನಲ್ಲಿ ನೋಟ್ಟೋ ರಾಜ್ಯಗಳಿಗೆ ಕಳಿಸಿದ ಸಲಹೆಯಲ್ಲಿ, ಕಾಯುವ ಪಟ್ಟಿಯಲ್ಲಿರುವ ಮಹಿಳೆಯರಿಗೂ ಮೃತ ದಾನಿಗಳ ಹತ್ತಿರದ ಬಂಧುಗಳಿಗೂ ಆದ್ಯತೆ ನೀಡಬೇಕೆಂದು ಹೇಳಿತು. ಮೊದಲನೆಯದು ಹಳೆಯ ಅನ್ಯಾಯಕ್ಕೆ ಪರಿಹಾರ, ಎರಡನೆಯದು ಋಣಸಂದಾಯ. ಎರಡೂ ಒಂದೇ ಬಗೆಯ ನ್ಯಾಯವಲ್ಲ, ಮತ್ತು ಎರಡನೆಯದನ್ನು ಒಪ್ಪಿಗೆ ಕೇಳುವ ಹೊತ್ತಿನಲ್ಲಿ ಆಮಿಷವಾಗಿ ಮುಂದಿಟ್ಟರೆ ಅದು ಒಪ್ಪಿಗೆಯನ್ನೇ ಕಲುಷಿತಗೊಳಿಸುತ್ತದೆ.

ಈ ಐದು ತಾಲೂಕುಗಳ ಮಟ್ಟಿಗೆ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಜೀವಸಾರ್ಥಕತೆ ಮತ್ತು ಪುಣೆಯ ವಲಯ ಸಮಿತಿ ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳ ನಡುವೆ ಹೃದಯ, ಶ್ವಾಸಕೋಶಗಳಂಥ ಅಲ್ಪಾವಧಿಯ ಅಂಗಗಳನ್ನಾದರೂ ನೇರವಾಗಿ ವಿನಿಮಯ ಮಾಡಿಕೊಳ್ಳುವ ಒಪ್ಪಂದಕ್ಕೆ ಬರಬೇಕು, ಗಡಿಯ ಎರಡೂ ಬದಿಯ ಆಸ್ಪತ್ರೆಗಳಲ್ಲಿ ಒಪ್ಪಿಗೆಯ ನಮೂನೆ ಕನ್ನಡ ಮತ್ತು ಮರಾಠಿ ಎರಡರಲ್ಲೂ ದೊರೆಯಬೇಕು, ಮತ್ತು ಎರಡು ರಾಜ್ಯಗಳ ವೆಚ್ಚ ಯೋಜನೆಗಳು ರೋಗಿಯ ಹಿಂದೆ ಗಡಿ ದಾಟಬೇಕು. ಓದುಗರು ಮಾಡಬಹುದಾದದ್ದು ಇದಕ್ಕಿಂತ ಚಿಕ್ಕದು: 7ನೇ ನಮೂನೆಗೆ ಸಹಿ ಹಾಕುವುದಾದರೆ ಸಾಕ್ಷಿಯಾಗಿ ಮನೆಯವರೊಬ್ಬರನ್ನು ಕೂರಿಸಿಕೊಂಡು, ತಮ್ಮ ಇಚ್ಛೆ ಏನೆಂದು, ಅದು ‘ಬೇಡ’ ಎಂದಾಗಿದ್ದರೂ ಸರಿ, ಬಾಯಿಬಿಟ್ಟು ಹೇಳಬೇಕು. ತೀವ್ರ ನಿಗಾ ಘಟಕದ ಹೊರಗೆ 8ನೇ ನಮೂನೆಯನ್ನು ಕೈಗೆ ಕೊಡುವುದು ಅವರಿಗೇ.